ಬೀಗ ಮತ್ತು ಆಲ್ಡ್ರಾಪ್

ಮುಂಬಯಿಗೆ ವರ್ಗವಾಗಿ ಬಾಡಿಗೆ ಮನೆ ಹಿಡಿದಾಗ ಬಾಗಿಲಿನ ಹಳೆಯ ಲ್ಯಾಚನ್ನು ನಾನು ನಂಬಲಿಲ್ಲ. ಅದರ ಬೀಗದ ಕೈ ಹಿಂದಿನ ಎಷ್ಟು ಬಾಡಿಗೆದಾರರ ಬಳಿ ಉಳಿದಿದೆಯೋ ಯಾರು ಬಲ್ಲರು? ಏಳು ಲಿವರಿನ ಹಿತ್ತಾಳೆಯ ಬೀಗವನ್ನು ಕೊಂಡೆ. ಲಿವರು ಹೆಚ್ಚಿದಷ್ಟೂ ಕಳ್ಳಗೈಗೆ ತೆರೆಯುವುದು ಕಷ್ಟ. ಹಿತ್ತಾಳೆ ಕಡಲ ಗಾಳಿಗೆ ಕಬ್ಬಿಣದಂತೆ ತುಕ್ಕು ಹಿಡಿಯದು.

ಮನೆಯನ್ನು ಹದಿನೈದು ದಿನ ಮುಚ್ಚಿ ಊರಿಗೆ ಹೊರಡುವ ಮುನ್ನಾದಿನ ಬಂದ ಬಡಗಿ ಬೀಗವನ್ನು ನೋಡಲೇ ಇಲ್ಲ. ಅದನ್ನು ಹಾಕುವ ಆಲ್ಡ್ರಾಪನ್ನು ಹಿಡಿದು ಅಲುಗಾಡಿಸಿದ. ಅದು ನಿಂತಿದ್ದುದು ಅರ್ಧ ಇಂಚಿನ ನಾಲ್ಕು ಸ್ಕ್ರೂಗಳ ಮೇಲೆ, ಅವುಗಳ ತಲೆಗಳೂ ಹೊರಗೆ! ಸ್ಕ್ರೂಡ್ರೈವರೊಂದಿದ್ದರೆ ಬೀಗಸಮೇತ ಕಳಚಿ ಬರುತ್ತಿತ್ತು.

ಯಜಮಾನರ ಒಪ್ಪಿಗೆ ಪಡೆದು ಬಾಗಿಲನ್ನು ಆರ್‌ಪಾರು ಕೊರೆಸಿದೆವು. ಹೊರಗೆ ಸೀಳಿಲ್ಲದ ಗುಂಡುತಲೆಯ ಬೋಲ್ಟು, ಒಳಗೆ ನಟ್ಟು. ಚೌಕಟ್ಟಿನ ಕಡೆಯ ಪಟ್ಟಿಗೆ ಮಾತ್ರ ಉದ್ದ ಸ್ಕ್ರೂಗಳನ್ನು ಹಾಕಿ ಅವುಗಳ ತಲೆಯ ಸೀಳನ್ನು ಉಜ್ಜಿ ಅಳಿಸಿದ.

ಬೀಗದ ಕೊಂಡಿ ಎತ್ತರವಾಗಿದ್ದು ಸಂದಿಯಲ್ಲಿ ಸರಳು ತೂರುತ್ತಿತ್ತು. ಅದನ್ನು ಬದಲಿಸಿ ಗಿಡ್ಡ ಕೊಂಡಿಯದನ್ನು ತಂದೆ. ಅರ ಅದರ ಮೇಲೆ ಗೀರದೆ ಜಾರಿತು. ಉಕ್ಕು ಹದಗೊಂಡಿತ್ತೆಂಬುದಕ್ಕೆ ಅದೇ ಗುರುತು. ಮತ್ತೆ ವರ್ಗವಾದಾಗ ಬೀಗ ನನ್ನೊಡನೆ ಬರುತ್ತದೆ, ಬೋಲ್ಟುಗಳು ಯಜಮಾನರಿಗೆ.