ಎರಡು ಸಾವಿರದ ಎಸ್‌ಐಪಿ, ಆರು ಲಕ್ಷದ ಲೆಕ್ಕ

ಹೋದ ವಾರ ನಮ್ಮ ಕೇರಿಯ ಹುಡುಗನೊಬ್ಬ ಮೊಬೈಲ್ ಹಿಡ್ಕೊಂಡು ಮನೆಗೆ ಬಂದಿದ್ದ. ಕೆಲಸ ಸಿಕ್ಕಿ ನಾಲ್ಕು ತಿಂಗಳಾಗಿದೆ, ಅವರ ಮನೇಲಿ ತಿಂಗಳ ಸಂಬಳ ನೋಡ್ತಿರೋನು ಅವನೇ ಮೊದಲಿಗ. "ಅಣ್ಣಾ, ಎರಡು ಸಾವಿರ ಹಾಗೇ ಕಟ್ಟುತ್ತಾ ಹೋದ್ರೆ 15 ವರ್ಷಕ್ಕೆ ಎಂಟು ಲಕ್ಷವಂತೆ. ವರ್ಷಾ ವರ್ಷಾ 10 ಪರ್ಸೆಂಟ್ ಏರಿಸ್ತಾ ಹೋದ್ರೆ ಹದಿನಾಲ್ಕು ಲಕ್ಷವಂತೆ. ಆರು ಲಕ್ಷ ಪುಕ್ಕಟೆ ಬರುತ್ತಲ್ಲಣ್ಣಾ?" ಅಂದ.

ಪುಕ್ಕಟೆ ಅನ್ನೋ ಮಾತು ಕೇಳಿದಾಗ ನಾನು ಪೆನ್ನು ಹುಡುಕ್ತೀನಿ. ಯಾಕಂದ್ರೆ ಇದೇ ಎಸ್‌ಐಪಿ ನನ್ನದೂ ಇದೆ. 2021ರ ಏಪ್ರಿಲ್‌ನಲ್ಲಿ ನನ್ನ ಸಂಬಳ 22,000 ಇದ್ದಾಗ ತಿಂಗಳಿಗೆ 2,000ದಿಂದ ಶುರು ಮಾಡಿದ್ದು. ಹಾಗಾಗಿ ಅವನ ಎದುರಿಗೇ ನನ್ನ ಲೆಕ್ಕವನ್ನೇ ಬಿಡಿಸಿದೆ. ಇಲ್ಲೂ ಬರೀತೀನಿ, ಬೇಕಾದವರು ತಮ್ಮ ಅಂಕಿ ಹಾಕಿ ನೋಡ್ಕೊಳ್ಳಿ.

ವರ್ಷಕ್ಕೆ 10 ಪರ್ಸೆಂಟ್ ಬೆಳವಣಿಗೆ ಅಂತ ಇಟ್ಕೊಂಡೆ. ಇದು ಯಾರೂ ಕೊಟ್ಟ ಭರವಸೆಯಲ್ಲ, ಮಾರುಕಟ್ಟೆ ಒಂದು ವರ್ಷ ಏರುತ್ತೆ, ಇನ್ನೊಂದು ವರ್ಷ ಬೀಳುತ್ತೆ. ಆದರೆ ಎರಡು ದಾರಿ ಹೋಲಿಸೋಕೆ ಎರಡಕ್ಕೂ ಒಂದೇ ದರ ಬೇಕು. ಏರಿಸದೇ ಕಟ್ಟುವ ಕಂತಿನ ಲೆಕ್ಕಕ್ಕೆ ಶೀಟ್‌ನಲ್ಲಿ ಒಂದೇ ಸಾಲು ಸಾಕು:

```
=FV(1.1^(1/12)-1,180,-2000,0,1)
```

180 ಅಂದ್ರೆ 15 ವರ್ಷದ ತಿಂಗಳುಗಳು. ಉತ್ತರ 8,03,242. ಇದಕ್ಕೆ ನಾನು ಕಟ್ಟೋದು 3,60,000.

ಈಗ ಏರಿಸುವ ಕಂತು. ಮೊದಲ ವರ್ಷ 2,000, ಎರಡನೇ ವರ್ಷ 2,200, ಮೂರನೇ ವರ್ಷ 2,420, ಹೀಗೇ ಹೋಗಿ 15ನೇ ವರ್ಷ ತಿಂಗಳಿಗೆ 7,595 ಆಗುತ್ತೆ. ಕೊನೆಗೆ ಕೈಗೆ ಬರೋದು 14.40 ಲಕ್ಷ. ಹುಡುಗ ತೋರಿಸಿದ್ದು ಸುಳ್ಳಲ್ಲ. ಆದರೆ ನಾನು ಒಟ್ಟು ಕಟ್ಟಿದ್ದೆಷ್ಟು? 7,62,540. ಅಂದ್ರೆ ಹೆಚ್ಚಿಗೆ ಬಂದ 6.37 ಲಕ್ಷದಲ್ಲಿ 4.03 ಲಕ್ಷ ನಾನೇ ಹೆಚ್ಚಿಗೆ ಕಟ್ಟಿದ ದುಡ್ಡು. ಆ ಹೆಚ್ಚುವರಿ ದುಡ್ಡು ದುಡಿದು ತಂದಿದ್ದು 2.34 ಲಕ್ಷ ಮಾತ್ರ. ಸ್ಕ್ರೀನಿನಲ್ಲಿ ಕಾಣೋ ಆರು ಲಕ್ಷದಲ್ಲಿ ಮೂರರಲ್ಲಿ ಎರಡು ಪಾಲಿಗೆ ಹತ್ತಿರದಷ್ಟು ನಮ್ಮ ಜೇಬಿನದೇ.

ಹುಡುಗನ ಮುಖ ಸಪ್ಪಗಾಯ್ತು. "ಹಾಗಾದ್ರೆ ಏರಿಸೋದು ದಂಡಾನಾ?" ಅಂದ. ದಂಡ ಅಲ್ಲ. ಇನ್ನೊಂದು ಲೆಕ್ಕ ಮಾಡಿದ್ರೆ ಗೊತ್ತಾಗುತ್ತೆ.

ಅದೇ 7,62,540 ರೂಪಾಯಿಯನ್ನ ಮೊದಲ ತಿಂಗಳಿಂದಲೇ ಸಮವಾಗಿ ಹಂಚಿದ್ರೆ ತಿಂಗಳಿಗೆ ಸುಮಾರು 4,236. ಆ ಕಂತನ್ನ ಏರಿಸದೇ 15 ವರ್ಷ ಕಟ್ಟಿದವನಿಗೆ ಸಿಗೋದು 17.01 ಲಕ್ಷ. ನನಗೆ 14.40. ಇಬ್ಬರೂ ಕಟ್ಟಿದ್ದು ಒಂದೇ ಮೊತ್ತ, ವ್ಯತ್ಯಾಸ 2.61 ಲಕ್ಷ. ಅವನ ದುಡ್ಡು ಮೊದಲೇ ಹೋಗಿ ಕೂತಿದೆ, ನನ್ನ ದುಡ್ಡಿನ ಬಹುಪಾಲು ತಡವಾಗಿ ಹೋಗಿದೆ, ಅಷ್ಟೇ ಕಾರಣ. ನಾನು ಮೊದಲ ವರ್ಷ ಹಾಕಿದ 24,000 ಕೊನೆಗೆ 96,005 ಆಗುತ್ತೆ. 15ನೇ ವರ್ಷ ಹಾಕುವ 91,140 ಕೂಡ ಆಗೋದು ಅದೇ 96,005. ಮೊದಲ ವರ್ಷದ ಒಂದು ರೂಪಾಯಿ ನಾಲ್ಕು ರೂಪಾಯಿ ಆದ್ರೆ, ಕೊನೇ ವರ್ಷದ್ದು ಒಂದು ರೂಪಾಯಿ ಐದು ಪೈಸೆ.

ಆದ್ರೆ 2021ರಲ್ಲಿ 22,000 ಸಂಬಳದಲ್ಲಿ ಬಾಡಿಗೆ, ತಂಗಿಯ ಕಾಲೇಜು, ಅವ್ವನ ಮಾತ್ರೆ ಕಳೆದು 4,236 ಎಲ್ಲಿಂದ ತರೋದು? ಬೆನ್ನಿಗೆ ಆಸ್ತಿ ಇದ್ದೋರ ಮಗ ತಂದಾನು. ನನ್ನ ಕೈಲಿದ್ದದ್ದು 2,000. ಹಾಗಾಗಿ ನನಗಿದ್ದ ದಾರಿ ಎರಡೇ: 2,000ದಲ್ಲೇ ನಿಲ್ಲೋದು, ಇಲ್ಲ ಏರಿಸೋದು.

ನಿಂತ್ರೆ ಏನಾಗುತ್ತೆ ಅಂತಾನೂ ನೋಡಿ. ಬೆಲೆ ವರ್ಷಕ್ಕೆ 6 ಪರ್ಸೆಂಟ್ ಏರುತ್ತೆ ಅಂದ್ಕೊಳ್ಳಿ. 15ನೇ ವರ್ಷ ನಾನು ಕಟ್ಟುವ 2,000ಕ್ಕೆ ಮೊದಲ ವರ್ಷದ 885 ರೂಪಾಯಿಯ ಬೆಲೆ. ಕಂತು ನಿಂತಲ್ಲೇ ನಿಂತಿದೆ ಅಂತ ನಾವು ಅಂದ್ಕೊಂಡಿರ್ತೀವಿ, ಅದು ವರ್ಷಾ ವರ್ಷಾ ಸವೆಯುತ್ತಾ ಇರುತ್ತೆ. 6 ಪರ್ಸೆಂಟ್ ಏರಿಸಿದ್ರೆ ಇದ್ದ ಜಾಗದಲ್ಲಿ ಇದ್ದಂಗೆ. ಅದಕ್ಕಿಂತ ಮೇಲೆ ಏರಿಸಿದ್ದಷ್ಟೇ ನಿಜವಾದ ಏರಿಕೆ.

ಈಗ ನನ್ನ ತಪ್ಪು ಹೇಳ್ತೀನಿ. ಫಾರಂನಲ್ಲಿ ಏರಿಕೆಯನ್ನ ರೂಪಾಯಿಯಲ್ಲಿ ಬೇಕಾದ್ರೂ ಬರೀಬಹುದು, ಪರ್ಸೆಂಟ್‌ನಲ್ಲಿ ಬೇಕಾದ್ರೂ ಬರೀಬಹುದು. 2,000ಕ್ಕೆ 10 ಪರ್ಸೆಂಟ್ ಅಂದ್ರೆ 200 ತಾನೇ ಅಂತ ನಾನು ರೂಪಾಯಿ ಕಾಲಂನಲ್ಲಿ 200 ಅಂತ ಬರೆದೆ. ಎರಡನೇ ವರ್ಷ 2,200 ಕಡಿತ ಆಯ್ತು, ಸರಿಯಾಗೇ ಇದೆ ಅನ್ನಿಸ್ತು. ಮೂರನೇ ವರ್ಷ 2,420ರ ಬದಲು 2,400, ಗಮನಿಸಲಿಲ್ಲ. 2024ರಲ್ಲಿ ಪಾಸ್‌ಬುಕ್ ನೋಡಿದಾಗ 2,662 ಇರಬೇಕಿದ್ದ ಕಡೆ 2,600 ಇತ್ತು. 62 ರೂಪಾಯಿ ತಾನೇ ಅನ್ನಬೇಡಿ. ಹಾಗೇ ಬಿಟ್ಟಿದ್ರೆ 15ನೇ ವರ್ಷದ ಕಂತು 7,595ರ ಬದಲು 4,800 ಆಗಿರೋದು, ಕೊನೇ ಮೊತ್ತ 14.40 ಲಕ್ಷದ ಬದಲು 12.27 ಲಕ್ಷ. ಹಳೇ ಎಸ್‌ಐಪಿ ನಿಲ್ಲಿಸಿ, ಅದರ ಯೂನಿಟ್‌ಗಳನ್ನ ಮುಟ್ಟದೇ, ಪರ್ಸೆಂಟ್ ಬರೆದು ಹೊಸದು ಶುರು ಮಾಡಿದೆ. ನಿಮ್ಮದನ್ನ ನೋಡ್ಕೋಬೇಕಾದ್ರೆ ಮೂರನೇ ವರ್ಷದ ಕಡಿತ ನೋಡಿ, ಎರಡನೇ ವರ್ಷದಲ್ಲಿ ಈ ತಪ್ಪು ಕಾಣೋದೇ ಇಲ್ಲ. ಬ್ಯಾಂಕಿಗೆ ಕೊಟ್ಟ ಆಟೋ ಡೆಬಿಟ್ ಒಪ್ಪಿಗೆಯ ಮಿತಿಯನ್ನೂ ನೋಡಿ. ಅದು 5,000 ಇದ್ರೆ, 11ನೇ ವರ್ಷ ಕಂತು 5,187 ಆದಾಗ ಕಡಿತ ಆಗದೇ ನಿಲ್ಲುತ್ತೆ.

ಇನ್ನೊಂದು ಮಾತು. ಕಂತು 10 ಪರ್ಸೆಂಟ್ ಏರುತ್ತೆ, ಸಂಬಳ ಏರಬೇಕಲ್ಲ? ನನ್ನ ಸಂಬಳ ವರ್ಷಕ್ಕೆ 6 ಪರ್ಸೆಂಟ್ ಏರಿದ್ರೆ 15ನೇ ವರ್ಷಕ್ಕೆ ಸುಮಾರು 49,700. ಅವತ್ತಿನ 7,595 ಅಂದ್ರೆ ಸಂಬಳದ 15 ಪರ್ಸೆಂಟ್. ಶುರುವಿನಲ್ಲಿ ಅದು 9 ಪರ್ಸೆಂಟ್ ಇತ್ತು. ಆಗುತ್ತೆ, ಆದರೆ ಬಿಗಿ ಆಗುತ್ತೆ. ಅದೂ ಅಲ್ಲದೇ ಏರಿಸುವ ಕಂತಿನಲ್ಲಿ ದೊಡ್ಡ ದುಡ್ಡು ಹೋಗೋದು ಕೊನೇ ವರ್ಷಗಳಲ್ಲಿ. ಆಗಲೇ ಮಾರುಕಟ್ಟೆ ಬಿದ್ರೆ ಆ ದುಡ್ಡಿಗೆ ಚೇತರಿಸಿಕೊಳ್ಳೋಕೆ ಸಮಯ ಇರಲ್ಲ.

ಹುಡುಗ ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಣ್ಣಾ, ಅವ್ವ ಸಂಘದಲ್ಲಿ ತಗೊಂಡ ಸಾಲದ ಕಂತು ತಿಂಗಳಿಗೆ 1,800. ಮುಂದಿನ ವರ್ಷ ತೀರುತ್ತೆ. ಆ 1,800ನ್ನ ಆಗಲೇ ಇದಕ್ಕೆ ಸೇರಿಸಿಬಿಟ್ರೆ?" ಅಂದ.

ಅದನ್ನೇ ಮಾಡು ಅಂದೆ. ಎರಡನೇ ವರ್ಷಕ್ಕೇ 3,800 ಆಗುತ್ತೆ. 10 ಪರ್ಸೆಂಟ್‌ನಲ್ಲಿ ಏರಿಸ್ತಾ ಹೋದ್ರೆ ಏಳು ವರ್ಷ ಆದ್ಮೇಲೂ ಕಂತು 3,897 ಅಷ್ಟೇ ಆಗಿರುತ್ತೆ. ಮೊದಲು ಸಾಲ ತೀರಲಿ, ಅದರ ಬಡ್ಡಿ ಇದಕ್ಕಿಂತ ಜಾಸ್ತಿ. ತೀರಿದ ತಿಂಗಳೇ ಫಾರಂ ತಗೊಂಡು ಬಾ, ಪರ್ಸೆಂಟ್ ಕಾಲಂ ಯಾವುದು ಅಂತ ನಾನು ತೋರಿಸ್ತೀನಿ ಅಂತ ಹೇಳಿ ಕಳಿಸಿದ್ದೀನಿ.