ಎರಡು ವಾರದ ಮೇಲೆ ಒಂದು ಮೇಲ್

ಅಕ್ಕನ ಮಗ ಬೆಂಗಳೂರಲ್ಲಿ ಎರಡನೇ ಸುತ್ತಿನ ಇಂಟರ್‌ವ್ಯೂ ಕೊಟ್ಟು ಬಂದಿದ್ದ. ವಾರದಲ್ಲಿ ಹೇಳ್ತೀವಿ ಅಂದಿದ್ರಂತೆ ಎಚ್‌ಆರ್. ಎರಡು ವಾರ ಆಯ್ತು, ಸುದ್ದಿಯೇ ಇಲ್ಲ. 'ಮಾವ, ಈ ಮೇಲ್ ಹಾಕ್ಲಾ?' ಅಂತ ತೋರಿಸಿದ. ಇಂಗ್ಲಿಷಲ್ಲಿ ಬರೆದಿದ್ದ: 'ತೊಂದರೆ ಕೊಡ್ತಿರೋದಕ್ಕೆ ಕ್ಷಮಿಸಿ, ನಮ್ಮದು ಬಡ ಕುಟುಂಬ, ದಯಮಾಡಿ ಅವಕಾಶ ಕೊಡಿ.' ಕರುಳು ಚುರ್ ಅಂತು. ಜಾತಿ ಸರ್ಟಿಫಿಕೇಟಿಗೆ ಅಂತ ತಾಲ್ಲೂಕು ಕಚೇರಿ ಮುಂದೆ ನಿಂತು ನಾವು ಕಲಿತ ಭಾಷೆ ಅದು.

ಕೂತು ತಿದ್ದಿದ್ವಿ. ಹೊಸ ಮೇಲ್ ಬೇಡ, ಇಂಟರ್‌ವ್ಯೂಗೆ ಕರೆದ ಮೇಲಿಗೇ ರಿಪ್ಲೈ ಮಾಡು, ನೀನ್ಯಾರು ಅಂತ ಅವರು ಹುಡುಕೋದು ತಪ್ಪುತ್ತೆ ಅಂದೆ. ಕೊನೆಗೆ ಉಳಿದದ್ದು ಇಷ್ಟು: 'ನಮಸ್ಕಾರ ಮೇಡಂ. ಜೂನ್ 3ರಂದು ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಎರಡನೇ ಸುತ್ತಿನ ಸಂದರ್ಶನ ಕೊಟ್ಟಿದ್ದೆ. ಆಸಕ್ತಿ ಈಗಲೂ ಇದೆ. ಆಯ್ಕೆ ಯಾವ ಹಂತದಲ್ಲಿದೆ, ಯಾವಾಗ ತಿಳಿಯಬಹುದು?' ಕೆಳಗೆ ಹೆಸರು, ಫೋನ್ ನಂಬರ್. ಬಡತನಕ್ಕೆ ಏನಂತ ಉತ್ತರ ಬರೀತಾರೆ ಅವರು? ತಾರೀಖು ಕೇಳಿದ್ರೆ ಒಂದೇ ಸಾಲಲ್ಲಿ ಹೇಳಬಹುದು.

ಮೌನಕ್ಕೆ ಕಾರಣ ಹಲವು. ಮೊದಲು ಆರಿಸಿದವರು ಆಫರ್ ಒಪ್ಪೋವರೆಗೆ ಎರಡನೆಯವರಿಗೆ ಏನೂ ಹೇಳದೆ ಇಡೋದು ಮಾಮೂಲಿ. ಹೆಸರೂ ಕಾರಣ ಆಗುತ್ತೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದು ಒಂದೇ ಇದ್ರೂ ದಲಿತ ಹೆಸರಿನ ಅರ್ಜಿಗಳಿಗೆ ಕರೆ ಕಡಿಮೆ ಬಂದಿತ್ತು. ಎಷ್ಟು ನಯವಾಗಿ ಬರೆದ್ರೂ ಮೇಲ್ ಅದನ್ನ ಸರಿಮಾಡಲ್ಲ.

ಇನ್ನೊಂದು ವಾರ ನೋಡು, ಮತ್ತೊಂದು ಸಾಲು ಹಾಕು, ಆಮೇಲೆ ಬಿಟ್ಟುಬಿಡು, ಅಲ್ಲೀವರೆಗೆ ಬೇರೆ ಕಡೆ ಅರ್ಜಿ ನಿಲ್ಲಿಸಬೇಡ ಅಂದಿದೀನಿ.