ಥ್ಯಾಂಕ್ಸ್ ಹೇಳೋಕೆ ಮೂರು ಸಲ ಬರೆದೆ

ಅಪ್ಪ ಡಿಸ್ಚಾರ್ಜ್ ಆಗಿ ತಿತಿಮತಿಗೆ ಬಂದ ಮೂರನೇ ದಿನ, ಹಣ ಕೊಟ್ಟ 412 ಜನರಿಗೆ ಥ್ಯಾಂಕ್ಸ್ ಬರೆಯಲು ಕೂತೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಾರೆಂದೇ ನಮಗೆ ಗೊತ್ತಿಲ್ಲ.

ಅಪ್ಪ ಕಾಫಿ ತೋಟದಲ್ಲಿ ರೈಟರ್. ಸೋಮವಾರ ಕಾಲು ಜೋಮು ಹಿಡಿದಿದೆ ಅಂದವರು ಗುರುವಾರ ಮೈಸೂರಿನಲ್ಲಿ ವೆಂಟಿಲೇಟರ್ ಮೇಲಿದ್ದರು. ಗಿಲಿಯನ್-ಬಾರೆ ಸಿಂಡ್ರೋಮ್. ಮೈಯ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ. ಇದಕ್ಕೆ ಕೊಡುವ ಇಮ್ಯುನೋಗ್ಲೋಬ್ಯುಲಿನ್ ಮೈತೂಕದ ಲೆಕ್ಕದ ಔಷಧ. 60 ಕಿಲೋ ತೂಗುವ ಅಪ್ಪನಿಗೆ ಐದು ದಿನದಲ್ಲಿ 120 ಗ್ರಾಂ ಬೇಕಾಯಿತು. ಅದೂ ವೆಂಟಿಲೇಟರೂ ಸೇರಿ ಬಿಲ್ ನಮ್ಮ ಕೈ ಮೀರಿತು.

ಮೊದಲ ಸಲ ಬರೆದಾಗ ಕೊನೆಗೆ, ‘ಇನ್ನೂ ಆರು ತಿಂಗಳು ಫಿಸಿಯೋಥೆರಪಿ ಇದೆ, ನಿಮ್ಮ ಬೆಂಬಲ ಹೀಗೇ ಇರಲಿ’ ಅಂತ ಹಾಕಿದ್ದೆ. ತಂಗಿ ಓದಿ, "ಅಣ್ಣಾ, ಇದು ಥ್ಯಾಂಕ್ಸ್ ಹೇಳಿದ ಹಾಗಿಲ್ಲ, ಮತ್ತೆ ಕೇಳಿದ ಹಾಗಿದೆ" ಅಂದಳು.

ಎರಡನೇ ಸಲ, ‘ಅಪ್ಪ ಪೂರ್ತಿ ಗುಣವಾಗಿದ್ದಾರೆ’ ಅಂತ ಬರೆದೆ. ಈ ಸಲ ಅಪ್ಪನೇ ತಡೆದರು. "ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗ್ತೀನಿ, ಅದನ್ನೇ ಬರಿ. ನಾಳೆ ವಾಕರ್ ಹಿಡ್ಕೊಂಡು ರಸ್ತೆಗೆ ಬಂದಾಗ ನೋಡಿದವ್ರು ಏನಂದ್ಕೋಬೇಕು?"

ಮೂರನೇ ಸಲ ಬರೆಯೋ ಮೊದಲು ಹಣ ಸಂಗ್ರಹದ ಪೇಜ್ ಮುಚ್ಚಿದೆ. ಅದು ತೆರೆದೇ ಇದ್ದರೆ ಥ್ಯಾಂಕ್ಸ್ ಕೆಳಗೇ ಹಣ ಕೊಡುವ ಬಟನ್ ಕಾಣುತ್ತೆ, ಬರೆದ ಮಾತಿಗೆ ಅರ್ಥ ಇರೋದಿಲ್ಲ. ಆಮೇಲೆ ಬರೆದದ್ದು ಇಷ್ಟು:

"ಹಣ ಸಂಗ್ರಹ ಮುಗಿದಿದೆ, ದಯವಿಟ್ಟು ಇನ್ನು ಕಳಿಸಬೇಡಿ. ಆಸ್ಪತ್ರೆ ಬಿಲ್ 11,40,000 ರೂಪಾಯಿ. ಇನ್ಶೂರೆನ್ಸ್ 4,00,000, ಮನೆಯಿಂದ 1,90,000 ಹೋಯಿತು. ನೀವು ಕೊಟ್ಟದ್ದರಲ್ಲಿ ನಮಗೆ ಸೇರಿದ್ದು 5,86,400. ಅದರಲ್ಲಿ 5,50,000 ಆಸ್ಪತ್ರೆಗೆ ಕಟ್ಟಿದೆವು. ಉಳಿದ 36,400 ಗೋಣಿಕೊಪ್ಪಲಿನ ಫಿಸಿಯೋಥೆರಪಿಗೆ. ಮುಂದಿನದನ್ನು ನನ್ನ ಸಂಬಳದಲ್ಲೇ ನೋಡಿಕೊಳ್ಳುತ್ತೇನೆ. ಅಪ್ಪ ಈಗ ಸ್ವಂತವಾಗಿ ಉಸಿರಾಡುತ್ತಾರೆ, ಚಮಚ ಹಿಡಿದು ಊಟ ಮಾಡುತ್ತಾರೆ. ಹಿಡಿದುಕೊಳ್ಳದೆ ನಡೆಯಲು ಇನ್ನೂ ಆಗುವುದಿಲ್ಲ. ನರ ನಿಧಾನವಾಗಿ ಚೇತರಿಸುತ್ತದೆ, ಎಷ್ಟರ ಮಟ್ಟಿಗೆ ಎಂದು ಡಾಕ್ಟರೂ ಹೇಳಿಲ್ಲ. ನಿಮ್ಮಿಂದ ಅವರು ಮನೆಗೆ ಬಂದರು."

ಕಳಿಸಿದ ಮೇಲೂ ಒಂದು ಕೆಲಸ ಉಳಿದಿತ್ತು. ಬಾಯಲ್ಲಿ ಟ್ಯೂಬ್ ಇರುವ ಅಪ್ಪನ ಫೋಟೋ, ನನ್ನ ಯುಪಿಐ ನಂಬರ್ ಇದ್ದ ಹಳೇ ಪೋಸ್ಟರ್ ಇನ್ನೂ ವಾಟ್ಸಾಪ್ ಗ್ರೂಪ್‌ಗಳಲ್ಲಿ ಸುತ್ತುತ್ತಿತ್ತು. ಒಂದು ತಿಂಗಳಾದ ಮೇಲೂ ಯಾರೋ 500 ರೂಪಾಯಿ ಹಾಕಿದರು. ವಾಪಸ್ ಕಳಿಸಿ, ಪೋಸ್ಟರ್ ಎಲ್ಲಿ ಸಿಕ್ಕಿತು ಅಂತ ಕೇಳಿದೆ. ನಮಗೆ ಗೊತ್ತೇ ಇಲ್ಲದ ಗ್ರೂಪು. ಆಗ ಅದೇ ಪೋಸ್ಟರ್‌ನಿಂದ ಫೋಟೋ, ನಂಬರ್ ಎರಡೂ ತೆಗೆದು, ದೊಡ್ಡ ಅಕ್ಷರದಲ್ಲಿ ‘ಮುಗಿದಿದೆ’ ಅಂತ ತಾರೀಕಿನ ಸಮೇತ ಹಾಕಿ, ಹಳೇದನ್ನು ಫಾರ್ವರ್ಡ್ ಮಾಡಿದವರಿಗೆಲ್ಲ ಇದನ್ನೂ ಅಷ್ಟೇ ಕಡೆ ಕಳಿಸಿ ಅಂತ ಕೇಳಿಕೊಂಡೆ.

ಮೊನ್ನೆ ಪಕ್ಕದ ಮನೆಯವರು ಅಪ್ಪನಿಗೆ ಆ ಹೊಸ ಪೋಸ್ಟರ್ ತೋರಿಸಿದರು. ಯಾವುದೋ ಗ್ರೂಪಿನಿಂದ ಅವರಿಗೆ ಬಂದಿತ್ತಂತೆ. ಅಪ್ಪ ಓದಿ ಫೋನ್ ವಾಪಸ್ ಕೊಟ್ಟು, "ಸರಿ, ಇನ್ನು ಅಂಗಡಿ ಕಡೆ ಹೋಗಬಹುದು" ಅಂದರು.